ಒಂದೇ ಬಣ್ಣ, ಎರಡು ತಲೆ

ಕಳೆದ ವರ್ಷ ಧಾರವಾಡದಲ್ಲಿ ನಮ್ಮ ಸೋದರಮಾವನ ಮಗನ ಮದುವೆ ಇತ್ತು. ಅದಕ್ಕೆ ನಾಲ್ಕು ದಿನ ಮೊದಲಿನ ಭಾನುವಾರ, ಪುಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾನೂ ಅವ್ವನೂ ಹಳೇ ಟವೆಲ್ ಹೊದ್ದುಕೊಂಡು ಕೂತಿದ್ದೆವು. 38ಕ್ಕೇ ನನ್ನ ಕಿವಿಯ ಮುಂದಿನ ಕೂದಲು ಬೆಳ್ಳಗಾಗಿದೆ. ಅಪ್ಪ ಹೋದ ಮೇಲೆ ಅವ್ವ ಬಣ್ಣ ಹಚ್ಚುವುದನ್ನೇ ಬಿಟ್ಟಿದ್ದಳು. ಈ ಸಲ ಅವಳಾಗಿಯೇ, "ಮದುವಿಗೆ ಒಮ್ಮೆ ನನಗೂ ಹಚ್ಚಿಬಿಡವಾ" ಎಂದಿದ್ದಳು. ಅದನ್ನು ಕೇಳಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಒಂದೇ ಥರದ ಎರಡು ಪ್ಯಾಕೆಟ್ ತಂದಿದ್ದೆ.

ಅವ್ವ ಅವತ್ತು ಬೆಳಿಗ್ಗೆಯೇ ಸೀಗೇಕಾಯಿ ಹಚ್ಚಿ, ಉಗುರಿನಿಂದ ಗಸಗಸ ತಿಕ್ಕಿ ತಲೆ ಎರೆದುಕೊಂಡಿದ್ದಳು. ನಾನು ಎರೆದುಕೊಂಡಿರಲಿಲ್ಲ. ತಲೆ ತೊಳೆಯದೆ ಹಚ್ಚಬೇಕು ಎಂದು ಪ್ಯಾಕೆಟ್ಟಿನ ಚೀಟಿಯಲ್ಲಿತ್ತು. ಆದರೆ ಶುಕ್ರವಾರ ರಾತ್ರಿ ಅವ್ವ ತಿಕ್ಕಿದ್ದ ಕೊಬ್ಬರಿ ಎಣ್ಣೆ ಇನ್ನೂ ತಲೆಯಲ್ಲೇ ಇತ್ತು, ಮೇಲಾಗಿ ನನ್ನದು ಮೊದಲೇ ಜಿಡ್ಡಿನ ತಲೆ.

ಹಚ್ಚಿ ಹತ್ತು ನಿಮಿಷವಾಗಿರಲಿಲ್ಲ, "ತಲಿ ಉರಿಯಾಕತ್ತೈತಿ ನೋಡವಾ" ಎಂದಳು ಅವ್ವ. ತಡಕೋ ಎನ್ನದೆ ಕೂಡಲೇ ನೀರು ಹಾಕಿ ತೊಳೆದೆ. ಬೈತಲೆಯ ಆಚೀಚೆ ಉಗುರು ಗೀರಿದ ಕಡೆ ಕೆಂಪು ಗೆರೆ ಎದ್ದಿದ್ದವು. ನನಗೆ ಉರಿ ಎಂಬುದೇ ಇರಲಿಲ್ಲ. ಪೂರಾ 35 ನಿಮಿಷ ಇಟ್ಟು ತೊಳೆದೆ. ಒಣಗಿದ ಮೇಲೆ ಕನ್ನಡಿ ನೋಡಿದರೆ ಕೂದಲ ತುದಿಗಳು ಚೆನ್ನಾಗಿ ಕಪ್ಪಾಗಿದ್ದವು, ಬುಡದಲ್ಲಿ ಮತ್ತು ಕಿವಿಯ ಮುಂದೆ ಮಾತ್ರ ಪಟ್ಟೆ ಪಟ್ಟೆಯಾಗಿ ಬಿಳಿ ಹಾಗೇ ಉಳಿದಿತ್ತು.

ತೊಳೆದ ತಲೆ ಅವಳದು, ತೊಳೆಯದ ತಲೆ ನನ್ನದು, ಇಬ್ಬರಿಗೂ ಕೆಟ್ಟಿತು. ಹಾಗಾದರೆ ಸರಿ ಯಾವುದು?

ಬಣ್ಣ ಕೂರುವ ಬಗೆ ತಿಳಿದರೆ ಉತ್ತರ ಸುಲಭ. ಪರ್ಮನೆಂಟ್ ಬಣ್ಣದಲ್ಲಿ ಅಮೋನಿಯಾ ಅಥವಾ ಅಂಥದೇ ಕ್ಷಾರ ಇರುತ್ತದೆ. ಅದು ಕೂದಲ ಹೊರಗಿನ ಹುರುಪೆಗಳನ್ನು ಸಡಿಲಿಸುತ್ತದೆ. ಬಣ್ಣವಾಗಬೇಕಾದ ಸಣ್ಣ ಅಣುಗಳು ಒಳಗೆ ನುಸುಳುತ್ತವೆ, ಪೆರಾಕ್ಸೈಡ್ ಜೊತೆ ಸೇರಿ ದೊಡ್ಡವಾಗುತ್ತವೆ, ಮತ್ತೆ ಸುಲಭಕ್ಕೆ ಹೊರಬರಲಾರವು. ನೆತ್ತಿ ತಾನಾಗಿ ಒಸರುವ ಒಂದು ದಿನದ ಜಿಡ್ಡು ಇದಕ್ಕೆ ದೊಡ್ಡ ಅಡ್ಡಿಯಲ್ಲ. ಕ್ರೀಮಿನಲ್ಲಿರುವ ಕ್ಷಾರವೂ ಸಾಬೂನಿನಂಥ ಪದಾರ್ಥಗಳೂ ಆ ತೆಳು ಪದರವನ್ನು ದಾಟಿಬಿಡುತ್ತವೆ. ಅದೇ ಜಿಡ್ಡು ಚರ್ಮಕ್ಕೆ ಸ್ವಲ್ಪ ಕಾವಲೂ ಆಗುತ್ತದೆ. ಚೀಟಿ ಹೇಳುವ 'ತೊಳೆಯದ ತಲೆ' ಎಂದರೆ ಇಷ್ಟೇ. ಅವ್ವ ಆ ಕಾವಲನ್ನು ತಿಕ್ಕಿ ತೆಗೆದು, ಮೇಲೆ ಗೀರನ್ನೂ ಮಾಡಿಕೊಂಡಿದ್ದಳು.

ತಿಕ್ಕಿದ ಎಣ್ಣೆಯ ಲೆಕ್ಕ ಬೇರೆ. ಅದರ ಪದರ ದಪ್ಪ, ಕ್ರೀಮು ಅದರ ಮೇಲೆ ಜಾರುತ್ತದೆ. ಬಣ್ಣ ಹಚ್ಚುವಾಗ ಹಣೆಗೆ ಕಲೆಯಾಗದಿರಲಿ ಎಂದು ನಾವು ವ್ಯಾಸಲೀನ್ ಸವರಿಕೊಳ್ಳುತ್ತೇವಲ್ಲ, ಅದೇ ಕೆಲಸವನ್ನು ನನ್ನ ಕೂದಲಿಗೆ ಕೊಬ್ಬರಿ ಎಣ್ಣೆ ಮಾಡಿತ್ತು. ಕಿವಿಯ ಮುಂದಿನ ಬಿಳಿಗೂದಲು ಮೊದಲೇ ಬಣ್ಣಕ್ಕೆ ಜಗ್ಗದ ಜಾತಿ, ಹಾಗಾಗಿ ಸೋಲು ಅಲ್ಲೇ ಎದ್ದು ಕಂಡಿತು.

ಈಗ ನಮ್ಮ ಮನೆಯ ಕ್ರಮ ಇದು. ಹಿಂದಿನ ದಿನ ಬೆರಳ ತುದಿಯಿಂದ ಮೆಲ್ಲಗೆ ಶಾಂಪೂ ಹಾಕಿ ತೊಳೆಯುವುದು. ಕಂಡೀಷನರ್ ಬೇಡ, ಎಣ್ಣೆ ಬೇಡ. ಮರುದಿನ ಒಣಗಿದ ಕೂದಲಿಗೆ, ಬಿಳಿ ಹೆಚ್ಚಿರುವ ಕಡೆಯಿಂದಲೇ ಶುರುಮಾಡಿ ಹಚ್ಚುವುದು. ನನ್ನಂಥ ಜಿಡ್ಡಿನ ತಲೆಗೆ ಒಂದು ದಿನದ ಬಿಡುವು ಸಾಕು, ಅವ್ವನ ಒಣ ತಲೆಗೆ ಎರಡು ದಿನವಾದರೂ ನಡೆಯುತ್ತದೆ. ಮದರಂಗಿಗೆ ಮಾತ್ರ ಈ ನಿಯಮವಲ್ಲ. ಅದರಲ್ಲಿ ಜಿಡ್ಡು ದಾಟಿಸುವ ಕ್ಷಾರವಿಲ್ಲ, ಆದ್ದರಿಂದ ಅದೇ ದಿನ ತೊಳೆದು ಒಣಗಿಸಿದ ಕೂದಲೇ ಒಳ್ಳೆಯದು.

ಸೋಮವಾರ ರಾತ್ರಿ ನಾನು ಶಾಂಪೂ ಹಾಕಿಕೊಂಡೆ. ಮಂಗಳವಾರ ಸಂಜೆ ಬಿಳಿ ಉಳಿದಲ್ಲಿಗಷ್ಟೇ ಮತ್ತೆ ಹಚ್ಚಿದೆ, ಸರಿಯಾಗಿ ಹಿಡಿಯಿತು. ಅವ್ವನ ಗೀರುಬಿದ್ದ ನೆತ್ತಿಗೆ ಮತ್ತೆ ಹಚ್ಚುವ ಧೈರ್ಯ ಬರಲಿಲ್ಲ. ಉರಿ ಸಂಜೆಗೇ ಇಳಿದಿತ್ತು. ಒಂದೆರಡು ದಿನದ ಮೇಲೆ ತುರಿಕೆ, ಬಾವು ಬಂದಿದ್ದರೆ ಅದು ಅಲರ್ಜಿ, ಮತ್ತೆಂದೂ ಆ ಬಣ್ಣ ಮುಟ್ಟುವಂತಿರಲಿಲ್ಲ. ಅವಳು ಬೆಳ್ಳಿ ತಲೆಯಲ್ಲೇ ಮದುವೆಗೆ ಬಂದಳು. ಫೋಟೋದಲ್ಲಿ ಪಕ್ಕದಲ್ಲೇ ಕರಿ ತಲೆಯ ನಾನು.

ದೀಪಾವಳಿಗೆ ಅವಳು ಮತ್ತೆ ಪುಣೆಗೆ ಬಂದಳು. ಈ ಸಲ ಕಿವಿಯ ಹಿಂದೆ ಚೂರು ಬಣ್ಣ ಹಚ್ಚಿ 48 ಗಂಟೆ ಕಾದೆ. ಹಿಂದಿನ ದಿನ ಅವಳ ತಲೆಯನ್ನು ನಾನೇ ತೊಳೆದೆ, ಉಗುರು ತಾಗಿಸದೆ. ಹಚ್ಚಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ "ಉರೀತೈತೇನವ್ವಾ?" ಎಂದು ಕೇಳುತ್ತಿದ್ದೆ. ಮೂರನೇ ಸಲಕ್ಕೆ ಅವ್ವ ಅಂದಳು: "ಇಲ್ಲವಾ, ಸುಮ್ನ ಕುಂದ್ರು. ನಿಮ್ಮಪ್ಪನೂ ಹಿಂಗ ಕೇಳ್ತಿದ್ರು."