ಮೂರು ನುಡಿಯ ಸಾರು

ನಮ್ಮಕ್ಕನ ಮಗ ರಾಪ್ ಬರೆಯುತ್ತಾನೆ ಅಂತ ಗೊತ್ತಾದದ್ದು ಒಂದು ರಾತ್ರಿ ಕರೆಂಟು ಹೋದಾಗ. ಹೊಸೂರಿನ ಆಲಸನತ್ತಂನ ನಮ್ಮ ಮನೆ ಮಾಳಿಗೆಯ ಕತ್ತಲಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು. ಜಗಳವೇನೋ ಅಂತ ಟಾರ್ಚು ಹಿಡಿದು ಹತ್ತಿದರೆ ಇವನೊಬ್ಬನೇ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ, ಕೈ ಬೀಸುತ್ತಾ, ಅದನ್ನು ವಾಚಾಮಗೋಚರ ಹಳಿಯುತ್ತಿದ್ದ.

"ಬೆಂಗಳೂರಲ್ಲಿ ಬ್ಯಾಟಲ್ ಇದೆ ಮಾಮ. ಎದುರಿಗೆ ನಿಂತವನನ್ನ ಪ್ರಾಸದಲ್ಲಿ ಬೈಬೇಕು. ಅವನು ತಿರುಗಿ ಬೈತಾನೆ."

ತೋರಿಸು ಅಂದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ. ಸ್ಕೂಲಲ್ಲಿ ತಮಿಳು ಓದಿದವನು, ಕನ್ನಡ ಅವನಿಗೆ ಮನೆಯೊಳಗಿನ ಮಾತು. ಓದಿದ:

ನೀನು ಸ್ಟೇಜಿಗೆ ಬರ್ತೀಯ, ನನ್ನ ನೋಡಿ ಹೆದರ್ತೀಯ
ಮೈಕು ಹಿಡಿದು ನಡುಗ್ತೀಯ, ಮನೆಗೆ ಓಡಿ ಹೋಗ್ತೀಯ

ಪ್ರಾಸವೇನೋ ನಾಲ್ಕು ಕಡೆ ಇದೆ. ಆದರೆ ಅದು ಅವನು ದುಡಿದು ತಂದದ್ದಲ್ಲ, ಕನ್ನಡ ಪುಕ್ಕಟೆ ಕೊಟ್ಟದ್ದು. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ, ಅದಕ್ಕೆ 'ತೀಯ' ಅಂತ ಬಾಲ. ಯಾವ ಎರಡು ವಾಕ್ಯ ಜೋಡಿಸಿದರೂ ಬಾಲಕ್ಕೆ ಬಾಲ ಹೊಂದುತ್ತದೆ. 'ಅಲ್ಲಿ', 'ಇಂದ', 'ಗಳು' ಎಲ್ಲವೂ ಹೀಗೇ. ಕೇಳುವವನಿಗೆ ಎರಡನೇ ಸಾಲು ಬರುವ ಮೊದಲೇ ಅದರ ತುದಿ ಗೊತ್ತಿರುತ್ತದೆ. ಗೊತ್ತಿರುವ ಏಟು ತಗಲುವುದಿಲ್ಲ.

ಹಳಬರಿಗೆ ಈ ವಿಷಯ ಚೆನ್ನಾಗಿ ತಿಳಿದಿತ್ತು ಅನಿಸುತ್ತದೆ. ಹತ್ತನೇ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಪ್ರಾಸವನ್ನು ಹುಡುಕಿದ್ದು ಸಾಲಿನ ಬಾಲದಲ್ಲಲ್ಲ, ತಲೆಯ ಹತ್ತಿರ, ಎರಡನೆಯ ಅಕ್ಷರದಲ್ಲಿ. ಅದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಆರು ಪ್ರಾಣಿಗಳ ಹೆಸರು. ಎಲ್ಲ ಬೇಡ, ಮೂರು ಸಾಕು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ: ಗಡಿ, ನುಡಿ. ದೀರ್ಘವಿದ್ದರೆ ಗಜ: ಸಾರು, ನೀರು. ಅದೇ ಅಕ್ಷರದ ಒತ್ತು ಬಿದ್ದರೆ ಹಯ: ಕಟ್ಟು, ಬಿಟ್ಟು. ಸಿಂಹವನ್ನೂ ಆನೆಯನ್ನೂ ಒಂದೇ ನೊಗಕ್ಕೆ ಕಟ್ಟುವಂತಿಲ್ಲ.

ನನ್ನ ಅಳಿಯ ಕಟ್ಟಿದ್ದ. ಇನ್ನೊಂದು ಪದ್ಯದಲ್ಲಿ 'ಗಡಿ'ಗೆ 'ಗಾಡಿ' ಹೊಂದಿಸಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಅವು ಅವಳಿಜವಳಿಯಂತೆ ಕಾಣುತ್ತವೆ. ಬೀಟ್ ಹಾಕಿಕೊಂಡು ಹೇಳು ಅಂದೆ. ಅಲ್ಲೇ ಎಡವಿದ. ಗಡಿ ಎರಡು ಮಾತ್ರೆ, ಗಾಡಿ ಮೂರು. ಒಂದು ಮಾತ್ರೆ ಹೆಚ್ಚಾದದ್ದರಿಂದ ಮುಂದಿನ ಪದ ತಾಳ ತಪ್ಪಿ ಬಿತ್ತು. ಹಿಂದಿನ ಸ್ವರ ಒಂದೇ ಅಳತೆಯದಿರಬೇಕೆಂಬ ನಿಯಮ ಬರೀ ಪಂಡಿತರ ಹಟ ಅಂತ ನಾನೂ ತಿಳಿದಿದ್ದೆ. ಅದು ಪ್ರಾಸದ ನಿಯಮ ಎಷ್ಟೋ, ಲಯದ ನಿಯಮವೂ ಅಷ್ಟೇ.

ಈ ಕಲೆ ನಮ್ಮ ಮನೆಗೆ ಬಂದದ್ದು ಆಲ್ ಓಕೆ, ಚಂದನ್ ಶೆಟ್ಟಿಯರಿಂದ ಅಂತ ಹುಡುಗ ನಂಬಿದ್ದಾನೆ. ನಾನು ಕಂಡ ಮೊದಲ ಬ್ಯಾಟಲ್ ನಮ್ಮಜ್ಜಿಯದು. ಮದುವೆಯಲ್ಲಿ ಬೀಗರ ಪದ ಹೇಳುತ್ತಿದ್ದಳು. ಗಂಡಿನ ಕಡೆ ಹೆಂಗಸರು ಒಂದು ಸಾಲು, ಹೆಣ್ಣಿನ ಕಡೆ ಹೆಂಗಸರು ಒಂದು ಸಾಲು, ನಡುವೆ ಎಲೆ ಅಡಿಕೆ ತಟ್ಟೆ. ಒಂದು ಮದುವೆಯಲ್ಲಿ ಎದುರು ಕಡೆಯವರು, ನಿಮ್ಮ ಚಪ್ಪರ ಸೋರುತ್ತೆ ಅಂತ ಹಾಡಿದರು. ಸೋರುತ್ತಲೂ ಇತ್ತು. ಅಜ್ಜಿ ಇಲ್ಲ ಅನ್ನಲಿಲ್ಲ. 'ಚಪ್ಪರ'ವನ್ನೇ ಎತ್ತಿಕೊಂಡಳು, ಅದರ ಬೆನ್ನಿಗೆ ಹಪ್ಪಳ, ತಪ್ಪಲೆ, ಸಪ್ಪೆ ಅಂತ ಒಂದೊಂದಾಗಿ ಪೋಣಿಸಿ, ಸೋರುವ ಚಪ್ಪರದಡಿ ಕೂತೂ ಹಪ್ಪಳ ಬಿಡದ ಬೀಗರನ್ನು ತಪ್ಪಲೆ ಸಮೇತ ಹಿಡಿದುಕೊಟ್ಟಳು. ಒಪ್ಪಿಕೊಂಡು ತಿರುಗಿಸುವುದು ಅವಳ ಪಟ್ಟು. 2002ರ '8 ಮೈಲ್' ಸಿನಿಮಾದ ಕೊನೆಯ ಬ್ಯಾಟಲ್‌ನಲ್ಲಿ ಎಮಿನೆಮ್‌ನ ಪಾತ್ರ ತನ್ನ ದೋಷಗಳನ್ನೆಲ್ಲ ತಾನೇ ಹೇಳಿ ಮುಗಿಸಿ, ಎದುರಾಳಿಗೆ ಬೈಯಲು ಏನೂ ಉಳಿಸುವುದಿಲ್ಲ. ಅಳಿಯ ಅದನ್ನು ನನಗೆ ತೋರಿಸಿ ಬೆರಗಾದ. ನನಗೆ ಚಪ್ಪರ ನೆನಪಾಯಿತು.

ಬೆಂಗಳೂರಿನವರು ಹೊಸೂರಿನ ಹುಡುಗನಿಗೆ ಏನಂತಾರೆ? ಹುಡುಕಬೇಕಿಲ್ಲ. ಅವರ ಪರವಾಗಿ ನಾನೇ ಕಟ್ಟಿದೆ:

ಗಡಿಯ ದಾಟಿ ಬಂದ ಮಗನೆ, ನುಡಿಯ ಎಲ್ಲಿ ಕಲಿತೆಯೋ
ಅರ್ಧ ತಮಿಳು, ಅರ್ಧ ತೆಲುಗು, ಬೆರೆಸಿ ಸಾರು ಕುಡಿದೆಯೋ

ಹುಡುಗನ ಮುಖ ಸಣ್ಣಗಾಯಿತು. ನನಗೂ ಒಂದಿಷ್ಟು ಚುಚ್ಚಿತು ಅನ್ನಿ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗಲೂ ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಆಮೇಲೆ 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ. ಮನೆಯ ಹೊಸಿಲು ಕದಲದೆ ನಾವು ಮೂರು ಜಿಲ್ಲೆ ಸುತ್ತಿದವರು. ಸಂತೆಯಲ್ಲಿ ತೆಲುಗು, ಬಸ್ಸಲ್ಲಿ ತಮಿಳು, ಒಲೆಯ ಮುಂದೆ ಕನ್ನಡ.

"ಇಲ್ಲ ಅನ್ನಬೇಡ. ಗಡಿ, ನುಡಿ, ಸಾರು, ಮೂರನ್ನೂ ಅವನ ಕೈಯಿಂದ ಕಿತ್ಕೊ" ಅಂದೆ. ಎರಡು ರಾತ್ರಿ ಮಾಳಿಗೆ ಮೇಲೆ ತಿರುಗಾಡಿ ಇದನ್ನು ತಂದ:

ಗಡಿಯ ಕಲ್ಲು ನೆಟ್ಟ ದಿವಸ ನುಡಿಯ ಕೇಳಿ ನೆಟ್ಟರಾ?
ಮೂರು ನುಡಿಯ ಸಾರು ಕುಡಿದೆ, ನೀರು ನಿನಗೆ ಬಿಟ್ಟರಾ?

ಎರಡನೇ ಸಾಲನ್ನು ಬೆರಳಲ್ಲಿ ಎಣಿಸಿದೆ. ಮೂರು ಮಾತ್ರೆಯ ಆರು ಗಣ, ಕೊನೆಗೆ ಐದು ಮಾತ್ರೆಯ 'ಬಿಟ್ಟರಾ', ಒಟ್ಟು 23. ಭೋಗ ಷಟ್ಪದಿಯ ನಡೆಯೂ ಈ ಮೂರರದೇ. ಈಗಿನವರು ಇದನ್ನು ಟ್ರಿಪ್ಲೆಟ್ ಫ್ಲೋ ಅಂತಾರೆ. ಒಂದು ಸಾಲಿಗೆ ನಾಲ್ಕು ಬೀಟ್, ಬೀಟಿಗೆ ಎರಡು ಗಣ. ಹಾಗಾಗಿ ಮೂರು, ಸಾರು, ನೀರು ಸರಿಯಾಗಿ ಮೊದಲ ಮೂರು ಬೀಟಿನ ನೆತ್ತಿ ಮೇಲೇ ಕೂತಿವೆ, ಮೂರು ಆನೆ. ನಾಲ್ಕನೆಯದರ ಮೇಲೆ ಆನೆ ಬರುತ್ತೆ ಅಂತ ಕಿವಿ ಕಾಯುವಾಗ 'ಬಿಟ್ಟರಾ' ಬಂದು, ಹಿಂದಿನ ಸಾಲಿನ 'ನೆಟ್ಟರಾ'ದ ಕೈ ಹಿಡಿಯುತ್ತದೆ. ಇಲ್ಲೂ 'ಅರಾ' ಅನ್ನುವ ಬಾಲವಿದೆ, ನಿಜ. ಆದರೆ ಬಾಲದ ಹಿಂದಿನ 'ಟ್ಟ' ಧಾತುವಿನಿಂದ ಹುಟ್ಟಿದ್ದು, ಪುಕ್ಕಟೆ ಸಿಕ್ಕಿದ್ದಲ್ಲ.

ಬ್ಯಾಟಲ್ ದಿನ ಎದುರಾಳಿ ನಿಜಕ್ಕೂ ಗಡಿಯನ್ನೇ ಎತ್ತಿದನಂತೆ. ಇವನು ಬಿಟ್ಟ. 'ಸಾರು' ಅಂದಾಗಲೇ ಜನ ಕೂಗಿದರು, 'ನೀರು' ಕೇಳಿಸಿತು, 'ಬಿಟ್ಟರಾ' ಗಂಟಲಲ್ಲೇ ಉಳಿಯಿತು. ಮುಂದಿನ ನಾಲ್ಕು ಸಾಲೂ ಅದರ ಜೊತೆ ಹೋದವು. ಸೋತು ಕೊನೆ ಬಸ್ಸಿಗೆ ಬಂದ.

ತಪ್ಪು ನನ್ನದು. ನಿಮಿಷಕ್ಕೆ 80 ಬೀಟಿನಲ್ಲಿ ಒಂದು ಸಾಲಿಗೆ ಸಿಗುವುದು ಮೂರೇ ಸೆಕೆಂಡು. ಅದರಲ್ಲಿ 24 ಮಾತ್ರೆಯ ಜಾಗ, 23 ತುಂಬಿದ್ದೆವು. ಉಸಿರಿಗೆ ಉಳಿದದ್ದು ಒಂದು ಮಾತ್ರೆ, ಸೆಕೆಂಡಿನ ಎಂಟನೇ ಒಂದು ಪಾಲು. ಅಷ್ಟರಲ್ಲಿ ಸೀನಲೂ ಆಗುವುದಿಲ್ಲ. ಅಜ್ಜಿ ಏಟು ಕೊಟ್ಟ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಿದ್ದಳು. ಗತ್ತು ಅಂತ ನಾನು ತಿಳಿದಿದ್ದೆ. ನಗು ಇಳಿಯಲಿ ಅಂತ ಕಾಯುತ್ತಾ ಉಸಿರು ತುಂಬಿಕೊಳ್ಳುತ್ತಿದ್ದಳು.

ಮಾರನೇ ರಾತ್ರಿ ಮತ್ತೆ ಮಾಳಿಗೆ. ಎರಡು ಸಾಲಿಗೊಮ್ಮೆ ಒಂದು ಬೀಟ್ ಪೂರ್ತಿ ಖಾಲಿ ಬಿಟ್ಟು ಹೇಳಿನೋಡು ಅಂದೆ. ಹೇಳಿದ. ಖಾಲಿ ಬಿಟ್ಟ ಜಾಗಕ್ಕೆ ಸರಿಯಾಗಿ ಕೆಳಗಿನಿಂದ ನಮ್ಮಮ್ಮನ ದನಿ ಬಂತು:

"ನೀರಲ್ಲ, ಸಾರೇ ಬಿಟ್ಟಿದೀನಿ. ಆರೋ ಮುಂಚೆ ಇಳೀರೋ ಇಬ್ರೂ!"

ಹುಡುಗ ನನ್ನ ಮುಖ ನೋಡಿ, ಬೆರಳು ಮಡಿಸತೊಡಗಿದ.