ತಣ್ಣಗಿರಲಿ ಹೊಟ್ಟೆ

ಹೈದರಾಬಾದಿನ ಕನ್ನಡ ಮನೆತನವೊಂದರ ಹುಡುಗಿ ತೆಲುಗು ವರನ ಕೈಹಿಡಿದಳು. ಆರತಕ್ಷತೆಯ ಸಂಜೆ ಅವಳ ಅಣ್ಣ ಇಂಗ್ಲಿಷಿನಲ್ಲಿ ಶುಭ ಕೋರಿದನು. ವರನ ಕಡೆಯವರಿಗೆ ಕನ್ನಡ ತಿಳಿಯದು. ಅಣ್ಣನ ತೆಲುಗು ಅಂಗಡಿ ಬೀದಿಯನ್ನು ದಾಟಿದ್ದಲ್ಲ. ಆದರೆ ಆ ಇಂಗ್ಲಿಷಿನ ಒಡಲು ಕನ್ನಡದ್ದೇ.

'ಶಿ ಏಟ್ ಮೈ ಹೆಡ್' ಎಂದೊಡನೆ ಸಭೆ ನಕ್ಕಿತು. ತಲೆ ತಿನ್ನುವ ತಂಗಿಯರು ತೆಲುಗಿನಲ್ಲಿಯೂ ಉಂಟಷ್ಟೆ. 'ಶಿ ವಿಲ್ ಫಿಲ್ ಯುವರ್ ಹೌಸ್' ಎಂಬಲ್ಲಿ ಮಾತ್ರ ಮಾತು ಎಡವಿತು. ವಧುವಿನ ಮೈಕಟ್ಟಿನ ಹಾಸ್ಯವೆಂದು ಕೆಲವರು ಬಗೆದರು. ಹೊಸ್ತಿಲ ಮೇಲಿನ ಅಕ್ಕಿಯ ಪಾತ್ರೆಯನ್ನು ಬಲಗಾಲಿನಿಂದ ಉರುಳಿಸಿ ಸೊಸೆ ಒಳಬರುವ ಶಾಸ್ತ್ರ ಅವರಲ್ಲಿಯೂ ಇದೆ. ಆದರೆ ಅದನ್ನು ಅವರು ಗೃಹಪ್ರವೇಶವೆನ್ನುತ್ತಾರೆ, ಮನೆ ತುಂಬಿಸಿಕೊಳ್ಳುವುದೆನ್ನುವುದಿಲ್ಲ. ಆಚರಣೆ ಒಂದೇ ಆದರೂ ನುಡಿಗಟ್ಟು ಬೇರೆ.

ಕೊನೆಗೆ ಅಣ್ಣ, 'ಮೇ ಯುವರ್ ಸ್ಟಮಕ್ಸ್ ರಿಮೇನ್ ಕೂಲ್' ಎಂದು ಹರಸಿದನು. ಇಂಗ್ಲಿಷಿನಲ್ಲಿ ಇದಕ್ಕೆ ಅರ್ಥವೇ ಇಲ್ಲ. ಇಂಗ್ಲಿಷ್ ಅರಿಯದ ವರನ ಅಜ್ಜಿಗೆ ಮೊಮ್ಮಗಳು ಅದನ್ನು ಪದಕ್ಕೆ ಪದವಿಟ್ಟು ತೆಲುಗಿಸಿದಳು: 'ಕಡುಪು ಚಲ್ಲಗಾ ಉಂಡಾಲಿ.' ಅದು ತೆಲುಗಿನ ಹಿರಿಯರು ಎಂದಿನಿಂದಲೂ ನುಡಿವ ಹರಕೆಯೇ! ಕನ್ನಡದ ಹೊಟ್ಟೆಯುರಿ ಅಲ್ಲಿ ಕಡುಪು ಮಂಟ. ಎರಡೆಡೆಯೂ ಉರಿ ಮತ್ಸರದ್ದು, ಸಂಕಟದ್ದು. ತಂಪು ಮಕ್ಕಳುಮರಿಗಳ ಕ್ಷೇಮದ್ದು. ಹೀಗೆ ಕನ್ನಡದ ಹರಕೆ ಇಂಗ್ಲಿಷಿನ ಓಣಿಯಲ್ಲಿ ಹಾದು ನೆರೆಮನೆಯನ್ನು ಸೇರಿತು.

ಅಜ್ಜಿ ಅಣ್ಣನನ್ನು ಬಳಿಗೆ ಕರೆದು, 'ನೀ ಕಡುಪು ಕೂಡಾ, ನಾಯನಾ' ಎಂದರು. ಅದನ್ನು ಅವನಿಗೆ ಯಾರೂ ಅನುವಾದಿಸಬೇಕಾಗಲಿಲ್ಲ.