ಗೇಟಿನ ಬ್ಯಾನರ್ ಓದಿದವರು

ಉದ್ಯಮಬಾಗದ ಕಾರ್ಖಾನೆಯೊಂದರ ಎಚ್‌ಆರ್ ಕುರ್ಚಿಯಲ್ಲಿ ಕೂತವನಿಗೆ ಆಷಾಢ ಬಂದರೆ ಎದೆ ಡವಡವ ಅನ್ನುತ್ತದೆ. ಖಾನಾಪುರ ತಾಲೂಕಿನಲ್ಲಿ ಮಳೆ ಹಿಡಿಯುತ್ತದೆ, ಭತ್ತದ ನಾಟಿ ಶುರುವಾಗುತ್ತದೆ, ನಮ್ಮ ಹುಡುಗರು ಊರಿಗೆ ಹೋಗುತ್ತಾರೆ. ನಾಟಿ ಮುಗಿಸಿ ಬರುತ್ತಾರೆ ಅನ್ನುವಷ್ಟರಲ್ಲಿ ಗಣಪತಿ. ಗಣಪತಿ ಕಳಿಸಿ ಬರುವವರಲ್ಲಿ ಕೆಲವರು ನೇರ ಗೋವಾದ ವೆರ್ಣಾಕ್ಕೋ ಪುಣೆಗೋ ಹೋಗಿರುತ್ತಾರೆ. ಒಂದು ವರ್ಷ ಇದೇ ಹೊತ್ತಿಗೆ ಹೊಸ ಆರ್ಡರೂ ಬಂತು. 40 ಜಾಗ ಖಾಲಿ: 16 ಸಿಎನ್‌ಸಿ ಆಪರೇಟರು, ಉಳಿದ 24 ಫೆಟ್ಲಿಂಗ್ ಮತ್ತು ಪ್ಯಾಕಿಂಗಿನ ಹೆಲ್ಪರು. ಪ್ರೊಡಕ್ಷನ್ ಮ್ಯಾನೇಜರು ದಿನಾ ಬೆಳಗ್ಗೆ ನನ್ನ ಬಾಗಿಲಲ್ಲಿ ನಿಂತು, ‘ಸರ್, ಮಷಿನ್ ಅದಾವ, ಮಂದಿ ಎಲ್ಲಿ?’ ಅನ್ನುವರು.

ಖಾಲಿ ಜಾಗದ ವಾಸನೆ ಏಜೆನ್ಸಿಗಳಿಗೆ ನಮ್ಮ ಮಾಲೀಕರಿಗಿಂತ ಮೊದಲೇ ಗೊತ್ತಾಗುತ್ತದೆ. ಒಂದೇ ಜಾಹೀರಾತನ್ನು ಮೂರು ಸಲ ಹಾಕಿದ ಕಂಪನಿಗೆ ಮಂದಿ ಸಿಕ್ಕಿಲ್ಲ ಅನ್ನುವುದು ಅವರ ಮೊದಲ ಪಾಠ. ಮೇಲ್‌ಗಳು ಬಂದವು. ‘ಗ್ರೀಟಿಂಗ್ಸ್ ಆಫ್ ದಿ ಡೇ’ ಎಂದು ಶುರುವಾಗಿ, ಲಕ್ಷಗಟ್ಟಲೆ ಅಭ್ಯರ್ಥಿಗಳ ಡೇಟಾಬೇಸ್, ಇಡೀ ದೇಶದಲ್ಲಿ ಶಾಖೆ, ಐಟಿಯಿಂದ ಆಸ್ಪತ್ರೆಯವರೆಗೆ ಎಲ್ಲ ಕ್ಷೇತ್ರಕ್ಕೂ ಜನ. ವಧುವಿನ ಊರು ಕೇಳದೆ ನೂರು ಕುಂಡಲಿ ತಂದು ಸುರಿಯುವ ದಲ್ಲಾಳಿಯ ಹಾಗೆ. ಇಬ್ಬರು ಖುದ್ದಾಗಿ ಕುಂದಾ ಡಬ್ಬಿ ಹಿಡಿದು ಬಂದರು. ಕುಂದಾ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆ.

ಇವುಗಳ ನಡುವೆ ಒಂದು ಪತ್ರ ಬೇರೆ ಥರ ಇತ್ತು. ಬರೆದವನು ಬೆಳಗಾವಿಯದೇ ಸಣ್ಣ ಏಜೆನ್ಸಿಯ ಹುಡುಗ. ನಮ್ಮ ಗೇಟಿಗೆ ಕಟ್ಟಿದ ‘ಬೇಕಾಗಿದ್ದಾರೆ’ ಬ್ಯಾನರಿನ ಬಣ್ಣ ಮಾಸಿದ್ದನ್ನು ನೋಡಿದ್ದ, ಎದುರಿನ ಚಹಾದಂಗಡಿಯಲ್ಲಿ ಶಿಫ್ಟ್ ಬಿಡುವ ಹೊತ್ತು ವಿಚಾರಿಸಿದ್ದ. ಪತ್ರದಲ್ಲಿ ಇದ್ದದ್ದು ಪ್ರಶ್ನೆಗಳೇ. ಎರಡನೇ ಶಿಫ್ಟಿಗೆ ಎಷ್ಟು ಮಂದಿ? ರಾತ್ರಿ ಹನ್ನೆರಡಕ್ಕೆ ಬಿಟ್ಟರೆ ಮನೆಗೆ ಹೋಗಲು ಗಾಡಿ ಉಂಟೋ? ಸಿಎನ್‌ಸಿಗೆ ಐಟಿಐ ಆದವರೇ ಬೇಕೋ, ಪಿಯುಸಿಯವರಿಗೆ ಕಲಿಸುತ್ತೀರೋ? ಮೊದಲ ತಿಂಗಳಲ್ಲೇ ಬಿಟ್ಟವರ ಜಾಗಕ್ಕೆ ಬದಲಿ ಕೊಡುವ ಹೊಣೆ ಯಾರದು? ಕೊನೆಗೆ, ‘40 ಮಂದಿ ಒಮ್ಮೆಲೆ ಕೊಡುತ್ತೇನೆ ಅಂತ ಹೇಳೂದಿಲ್ರಿ. ಸೋಮವಾರ ಆರು ಮಂದಿ ಕಳಸ್ತೀನಿ, ನೋಡಿ ಹೇಳ್ರಿ’ ಎಂದಿದ್ದ.

ಗಾಡಿಯ ಪ್ರಶ್ನೆ ನೋಡಿ ನಾನು ಅವನಿಗೆ ಫೋನ್ ಮಾಡಿದೆ. ಉದ್ಯಮಬಾಗ ಖಾನಾಪುರ ರಸ್ತೆಯಲ್ಲೇ ಇರುವುದರಿಂದ ಆ ಕಡೆಯ ಹುಡುಗರು ಪೇಟೆ ಹೊಕ್ಕು ಮೂರನೇ ರೈಲ್ವೆ ಗೇಟ್ ದಾಟಬೇಕಿಲ್ಲ, ಮಚ್ಛೆಯ ಮೇಲೆ ಬಂದು ಇಳಿದರಾಯಿತು. ಖಾನಾಪುರ ಪೇಟೆಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ಬೆಳಗಿನ ಶಿಫ್ಟಿಗೆ ಬರುವುದು ಅಂಥ ಕಷ್ಟವಲ್ಲ. ನಡುರಾತ್ರಿ ವಾಪಸು ಹೋಗುವುದು ಕಷ್ಟ. ಅವನ ಲೆಕ್ಕ ಹೀಗಿತ್ತು: ನಂದಗಡದ ಹುಡುಗರು, ಖಾನಾಪುರ ಪೇಟೆಯವರು ಒಂದೇ ಸಾಲಿನಲ್ಲಿ ಸಿಗುತ್ತಾರೆ, ಒಂದು ಟೆಂಪೋ ಟ್ರಾವೆಲರ್ ಸಾಕು. ಕಣಕುಂಬಿ, ಜಾಂಬೋಟಿ ಕಡೆಯವರನ್ನು ಮಳೆಗಾಲದಲ್ಲಿ ಎರಡನೇ ಶಿಫ್ಟಿಗೆ ಹಾಕಿಕೊಂಡರೆ ಹದಿನೈದು ದಿನ ಬರುತ್ತಾರೆ, ಆಮೇಲೆ ಫೋನ್ ಸ್ವಿಚಾಫ್. ಅವರಿಗೆ ಬೆಳಗಿನ ಪಾಳಿಯನ್ನೇ ಕೊಡಿ, ಇಲ್ಲವೇ ಮಚ್ಛೆಯಲ್ಲಿ ಖೋಲಿ ಮಾಡಿಕೊಡಿ. ನಾವು ಅಷ್ಟು ದಿನ ಪಗಾರ ಹೆಚ್ಚಿಸಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದೆವು. ನಿಜವಾಗಿ ಕಾಡುತ್ತಿದ್ದದ್ದು ಗಾಡಿ.

ಆಮೇಲೆ ಕೊಟೇಷನ್. ಮಾಲೀಕರು ನೋಡುವುದು ಕೊನೆಯ ಸಾಲು ಮಾತ್ರ, ಹಾಗಾಗಿ ಇದನ್ನು ತುಸು ಬಿಡಿಸಿ ಹೇಳಬೇಕು. ಹೆಲ್ಪರಿನ ಪಗಾರ ತಿಂಗಳಿಗೆ 16,000 ರೂಪಾಯಿ ಅಂದುಕೊಳ್ಳಿ. ಪಿಎಫ್‌ಗೆ ಮಾಲೀಕನ ಪಾಲು, ಆಡಳಿತ ವೆಚ್ಚ, ವಿಮೆ ಸೇರಿ 15,000ದ ಮಿತಿಯ ಮೇಲೆ 13 ಶೇಕಡಾ, ಅಂದರೆ 1,950. ಇಎಸ್‌ಐ 3.25 ಶೇಕಡಾ, 520. ಬೋನಸ್ಸಿಗೆ 8.33 ಶೇಕಡಾ ಎತ್ತಿಟ್ಟರೆ ಸುಮಾರು 1,333. ಒಟ್ಟು 19,803. ಇದರಲ್ಲಿ ಏಜೆನ್ಸಿಗೆ ಒಂದು ಪೈಸೆಯೂ ಉಳಿದಿಲ್ಲ. ಎಲ್ಲವೂ ಕೆಲಸಗಾರನಿಗೋ ಸರ್ಕಾರದ ಖಾತೆಗೋ ಹೋಗಬೇಕಾದದ್ದು. ಆ ಹುಡುಗ ಇದರ ಮೇಲೆ 8 ಶೇಕಡಾ ಸರ್ವಿಸ್ ಚಾರ್ಜ್ ಹಾಕಿದ್ದ, 21,387 ಆಯಿತು. ಅದರ ಮೇಲಿನ 18 ಶೇಕಡಾ ಜಿಎಸ್‌ಟಿ ನಮಗೆ ಸಾಮಾನ್ಯವಾಗಿ ಕ್ರೆಡಿಟ್ ಆಗಿ ವಾಪಸು ಬರುತ್ತದೆ, ಅದರ ಚಿಂತೆ ಬೇಡ.

ಕುಂದಾ ತಂದವರಲ್ಲಿ ಒಬ್ಬರ ದರ ಜಿಎಸ್‌ಟಿ ಬಿಟ್ಟು 20,000. ಮಾಲೀಕರ ಮುಖ ಅರಳಿತು. ಆದರೆ 20,000ದಲ್ಲಿ 19,803 ಕಳೆದರೆ ಉಳಿಯುವುದು 197 ರೂಪಾಯಿ. 24 ಮಂದಿಗೆ ತಿಂಗಳಿಗೆ 4,728. ಇಷ್ಟರಲ್ಲಿ ಒಬ್ಬ ಫೀಲ್ಡ್ ಆಫೀಸರನ ಪಗಾರ, ಬೈಕಿನ ಪೆಟ್ರೋಲು, ಸಮವಸ್ತ್ರ, ಸೇಫ್ಟಿ ಬೂಟು ಎಲ್ಲ ಆಗಬೇಕು. ಮೇಲಾಗಿ ಪಗಾರ ಏಳನೇ ತಾರೀಖಿಗೆ ಕೊಡಬೇಕು, ನಮ್ಮಿಂದ ಬಿಲ್ಲಿನ ಹಣ ಹೋಗುವುದು 45 ದಿನಕ್ಕೆ. ಅಂದರೆ ಎರಡು ತಿಂಗಳ ಖರ್ಚು, ಪಗಾರ, ಪಿಎಫ್ ಎಲ್ಲ ಸೇರಿ ಸುಮಾರು ಒಂಬತ್ತೂವರೆ ಲಕ್ಷದವರೆಗೆ, ಅವರ ಕೈಯಿಂದ ಹೊರಗೆ ಇರುತ್ತದೆ. ಅದರ ಬಡ್ಡಿಯೇ 4,728ನ್ನು ನುಂಗುತ್ತದೆ. ಹಾಗಾದರೆ ಲಾಭ ಎಲ್ಲಿಂದ? ದಾರಿ ಎರಡೇ. 24 ಮಂದಿಯಲ್ಲಿ ಹತ್ತು ಮಂದಿಯ ಪಿಎಫ್ ಕಟ್ಟುವುದು, ಉಳಿದವರದನ್ನು ಬಿಲ್ಲಿನಲ್ಲಿ ಮಾತ್ರ ತೋರಿಸುವುದು. ಅಥವಾ ಖಾನಾಪುರದ ಹುಡುಗನಿಂದ ‘ಜಾಯ್ನಿಂಗ್ ಫೀ’ ಅಂತ ಮೊದಲೇ ಕಿತ್ತುಕೊಳ್ಳುವುದು. ಹಣ ಕೊಟ್ಟು ಸೇರಿದವನು ಆ ಹಣ ದುಡಿದು ಬಂದ ದಿನ ಕೆಲಸ ಬಿಡುತ್ತಾನೆ, ನಮ್ಮ ಜಾಗ ಮತ್ತೆ ಖಾಲಿ.

ಏಜೆನ್ಸಿ ಪಗಾರ ಮುಳುಗಿಸಿದರೆ ಅದನ್ನು ಕೊಡುವ ಹೊಣೆ ಮುಖ್ಯ ಮಾಲೀಕನದೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಇನ್ನೊಂದು ತೊಡಕು, ಕಾರ್ಖಾನೆಯ ಮೂಲ ಕೆಲಸಕ್ಕೆ ಗುತ್ತಿಗೆ ಮಂದಿಯನ್ನು ಹಾಕುವಂತಿಲ್ಲ ಎಂದು ಹೊಸ ಸಂಹಿತೆ ಹೇಳುತ್ತದೆ. ಕೆಲವು ವಿನಾಯಿತಿಗಳುಂಟು, ಕೆಲಸ ದಿಢೀರನೆ ಹೆಚ್ಚಿ ಗೊತ್ತಾದ ಅವಧಿಯಲ್ಲಿ ಮುಗಿಸಬೇಕಾದದ್ದು ಅವುಗಳಲ್ಲೊಂದು. ಆರ್ಡರಿನ ಅವಸರ ಇದರಲ್ಲಿ ಕೂರುತ್ತದೆ, ವರ್ಷವಿಡೀ ಕೂರುವುದಿಲ್ಲ. ನಮ್ಮ ವಿಷಯದಲ್ಲಿ ಈ ಸಂಹಿತೆ ಬರುವ ಮೊದಲೇ ಆ ಹುಡುಗ ಜಾಣತನದ ಮಾತಾಡಿದ್ದ. ‘ಆಪರೇಟರ್ ಮಂದೀನ ನಿಮ್ಮ ರೋಲಿಗೇ ತಗೋರಿ ಸರ್, ನನಗ ಒಂದ್ಸಲ ಫೀ ಕೊಡ್ರಿ. ಹೆಲ್ಪರು ಅಷ್ಟ ನನ್ನ ಕಡೆ ಇರಲಿ.’ ಫೀ ವಾರ್ಷಿಕ ಪಗಾರದ 8.33 ಶೇಕಡಾ, ಅಂದರೆ ಒಂದು ತಿಂಗಳ ಪಗಾರ. 90 ದಿನದೊಳಗೆ ಬಿಟ್ಟರೆ ಬದಲಿ ಪುಕ್ಕಟೆ. ಈ ಕಸುಬಿನಲ್ಲಿ ಇದು ವಾಡಿಕೆಯ ದರ.

ಸೋಮವಾರ ಆರು ಮಂದಿ ಬರಲಿಲ್ಲ, ನಾಲ್ವರು ಬಂದರು. ಹೂಂ ಅಂದವರೆಲ್ಲ ಗೇಟಿಗೆ ಬರುತ್ತಾರೆ ಅಂದುಕೊಳ್ಳುವುದು ಹೊಸಬರ ಭ್ರಮೆ. ಆದರೆ ಬಾರದ ಇಬ್ಬರ ಹೆಸರು, ಕಾರಣ ಹಿಂದಿನ ರಾತ್ರಿಯೇ ಅವನಿಂದ ವಾಟ್ಸಾಪಿನಲ್ಲಿ ಬಂದಿತ್ತು. ಕೆಲಸ ಅವನಿಗೇ ಕೊಟ್ಟೆವು. 40 ತುಂಬಲು ದಸರಾ ಬಂತು.

ನಿಮ್ಮ ಮೇಜಿಗೂ ಇಂಥ ಪತ್ರಗಳು ಬರುತ್ತಿದ್ದರೆ ಸರ್ವಿಸ್ ಚಾರ್ಜ್ ಆಮೇಲೆ ನೋಡಿ. ಅವರು ಈಗ ಮಂದಿ ಕೊಟ್ಟಿರುವ ಒಂದು ಕಾರ್ಖಾನೆಯ ಹೋದ ತಿಂಗಳ ಪಿಎಫ್ ಚಲನ್ ಮತ್ತು ಇಸಿಆರ್ ಕೇಳಿ, ಅದರಲ್ಲಿನ ತಲೆ ಎಣಿಸಿ, ಅಲ್ಲಿನ ಹಾಜರಿಗೆ ಹೋಲಿಸಿ. ಕಟ್ಟುವವನ ಬಳಿ ಅದು ಕಂಪ್ಯೂಟರಿನಲ್ಲೇ ಇರುತ್ತದೆ, ಸಂಜೆಯೊಳಗೆ ಕಳಿಸುತ್ತಾನೆ. ‘ನಮ್ಮ ಆಡಿಟರು ಊರಲ್ಲಿಲ್ರಿ’ ಅಂದವನಿಗೆ ಚಹಾ ಕುಡಿಸಿ ಕಳಿಸಿ.